ಉಪನ್ಯಾಸದ ರೆಕಾರ್ಡಿಂಗಿನಿಂದ ಖಾಲಿ ಮೌನ, ‘ಆ… ಅಂದ್ರೆ…’ ತೆಗೆಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಡೊಂಬಿವಲಿಯಲ್ಲಿ. ಭಾನುವಾರ ನಮ್ಮ ಕನ್ನಡ ಸಂಘದಲ್ಲಿ ಆಗುವ ಉಪನ್ಯಾಸಗಳನ್ನು ರೆಕಾರ್ಡ್ ಮಾಡಿ, ಸ್ವಲ್ಪ ಓರಣ ಮಾಡಿ, ಬರಲು ಆಗದವರಿಗೆ ಆಡಿಯೋ ಕಳಿಸುವ ಕೆಲಸ ಹೇಗೋ ನನ್ನ ತಲೆಗೆ ಬಂದಿದೆ. ಠಾಣೆ, ಮಾಟುಂಗಾ, ಪುಣೆಯಲ್ಲಿ ಇದೇ ಕೆಲಸ ಮಾಡುವವರು ಫೋನಿನಲ್ಲಿ, ಪತ್ರದಲ್ಲಿ, ಸಭೆ ಮುಗಿದ ಮೇಲೆ ಚಹಾ ಕುಡಿಯುವಾಗ ಕೇಳಿದ ಪ್ರಶ್ನೆಗಳು ಇವು. ನಾನು ಬಳಸುವುದು ಆಡಾಸಿಟಿ ಅನ್ನುವ ಆಡಿಯೋ ಎಡಿಟಿಂಗ್ ಸಾಫ್ಟ್‌ವೇರ್. ದುಡ್ಡು ಕೊಡಬೇಕಿಲ್ಲ, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ.

## ಮೊದಲ ಸಲ ಕೈ ಹಾಕುವವರಿಗೆ

ಮಧ್ಯದ ಮೌನ ಎಲ್ಲಾ ಕಿತ್ತು ಹಾಕಿದರೆ ಆಯ್ತಲ್ವಾ? ಇದರಲ್ಲಿ ಕಷ್ಟ ಏನಿದೆ?

ಕಿತ್ತು ಹಾಕಿ ನೋಡಿ, ಐದು ನಿಮಿಷ ಕೇಳುವುದರೊಳಗೆ ನಿಮಗೇ ಉಸಿರು ಕಟ್ಟುತ್ತದೆ. ಕೇಳುವವರು ಒಂದು ವಾಕ್ಯವನ್ನು ಅರ್ಥ ಮಾಡಿಕೊಳ್ಳುವುದು ಅದರ ನಂತರದ ಸಣ್ಣ ಬಿಡುವಿನಲ್ಲಿ. ಆ ಬಿಡುವೇ ಇಲ್ಲದಿದ್ದರೆ ಮಾತು ಕಿವಿಗೆ ಬೀಳುತ್ತದೆ, ತಲೆಗೆ ಹೋಗುವುದಿಲ್ಲ.

ಹಾಗಾಗಿ ಮೌನವನ್ನು ತೆಗೆಯಬೇಡಿ, ಕುಗ್ಗಿಸಿ. ನಾಲ್ಕು ಸೆಕೆಂಡಿನ ತಡಕಾಟ ಒಂದೂವರೆ ಸೆಕೆಂಡ್ ಆಗಲಿ. ಅರ್ಧ ಸೆಕೆಂಡಿನ ಬಿಡುವನ್ನು ಮುಟ್ಟಲೇಬೇಡಿ. ದೊಡ್ಡ ಮೌನ ಕುಗ್ಗಿದ ಮೇಲೂ ಸಣ್ಣ ಮೌನಕ್ಕಿಂತ ದೊಡ್ಡದಾಗಿಯೇ ಇರಬೇಕು. ಮಾತಿನ ಲಯ ಉಳಿಯುವುದು ಇದರಿಂದ. ಎಲ್ಲವನ್ನೂ ಒಂದೇ ಅಳತೆಗೆ ತಂದರೆ ರೈಲ್ವೇ ಸ್ಟೇಷನ್ನಿನ ಅನೌನ್ಸ್‌ಮೆಂಟಿನ ಹಾಗೆ ಕೇಳಿಸುತ್ತದೆ.

ಎಷ್ಟು ಬಿಡಬೇಕು? ಒಂದು ಲೆಕ್ಕ ಹೇಳಿಬಿಡಿ ಸರ್.

ಲೆಕ್ಕ ನನ್ನ ಹತ್ತಿರ ಇಲ್ಲ, ಉಪನ್ಯಾಸಕರ ಹತ್ತಿರವೇ ಇದೆ. ಅವರು ಸರಾಗವಾಗಿ ಮಾತಾಡಿದ ಎರಡು ನಿಮಿಷದ ಭಾಗ ಹುಡುಕಿ. ಸಾಮಾನ್ಯವಾಗಿ ಪೀಠಿಕೆ ಮುಗಿದು ವಿಷಯಕ್ಕೆ ಇಳಿದ ಮೇಲೆ, ಹತ್ತನೇ ನಿಮಿಷದ ಆಸುಪಾಸು ಸಿಗುತ್ತದೆ. ಅಲ್ಲಿ ವಾಕ್ಯದ ನಡುವೆ ಎಷ್ಟು ನಿಲ್ಲುತ್ತಾರೆ, ವಾಕ್ಯ ಮುಗಿದ ಮೇಲೆ ಎಷ್ಟು, ಹೊಸ ವಿಷಯಕ್ಕೆ ಹೋಗುವ ಮುಂಚೆ ಎಷ್ಟು ಅಂತ ಅಳೆದು ಬರೆದುಕೊಳ್ಳಿ. ಇಡೀ ಉಪನ್ಯಾಸಕ್ಕೆ ಅದೇ ಅಳತೆಗೋಲು.

ನಮ್ಮಲ್ಲಿ ಬರುವ ಹಿರಿಯರಲ್ಲಿ ಹೆಚ್ಚಿನವರದು ವಾಕ್ಯದ ಒಳಗೆ 0.3–0.4 ಸೆಕೆಂಡ್, ವಾಕ್ಯದ ಕೊನೆಗೆ 0.7ರ ಹತ್ತಿರ, ವಿಷಯ ಬದಲಾಗುವಾಗ ಒಂದೂಕಾಲು ಸೆಕೆಂಡ್ ಬರುತ್ತದೆ. ಕಾಲೇಜು ಹುಡುಗರದು ಇದಕ್ಕಿಂತ ಕಡಿಮೆ.

ಯಾವ ಮೌನವನ್ನು ಮುಟ್ಟಲೇಬಾರದು?

ವಚನವನ್ನೋ ಪದ್ಯವನ್ನೋ ಓದುವಾಗ ಇರುವ ಬಿಡುವನ್ನು ಮುಟ್ಟಬೇಡಿ, ಅದು ಪದ್ಯದ್ದೇ ಭಾಗ. ಪ್ರಶ್ನೆ ಕೇಳಿ ಸಭೆಯ ಕಡೆ ನೋಡುವ ಮೌನವೂ ಹಾಗೆಯೇ. ನಗು ಅಥವಾ ಚಪ್ಪಾಳೆ ತಣ್ಣಗಾಗುವ ಹೊತ್ತನ್ನೂ ಬಿಟ್ಟುಬಿಡಿ.

ಒಮ್ಮೆ ಒಬ್ಬ ಹಿರಿಯರು ತೀರಿಕೊಂಡ ಗೆಳೆಯರ ವಿಷಯ ಹೇಳುತ್ತಾ ಐದು ಸೆಕೆಂಡ್ ಸುಮ್ಮನಾದರು. ನಾನು ಗಡಿಬಿಡಿಯಲ್ಲಿ ಅದನ್ನು ಅರ್ಧ ಸೆಕೆಂಡ್ ಮಾಡಿ ಕಳಿಸಿದೆ. ಕೇಳಿದವರೊಬ್ಬರು ‘ಅವರಿಗೆ ಬೇಜಾರೇ ಆಗಲಿಲ್ವಾ?’ ಅಂದರು. ಅವತ್ತಿನಿಂದ ಕತ್ತರಿಸುವ ಮುಂಚೆ ಇಡೀ ಉಪನ್ಯಾಸವನ್ನು ಒಂದು ಸಲ ಕೇಳಿ, ಇಂಥ ಜಾಗಗಳಿಗೆ `Ctrl+M` ಒತ್ತಿ ‘ಬಿಡು’ ಅಂತ ಲೇಬಲ್ ಹಾಕುತ್ತೇನೆ.

## ಸಾಫ್ಟ್‌ವೇರಿನ ಕೈಗೆ ಕೊಡುವಾಗ

`Truncate Silence` ಒತ್ತಿದೆ. ವಾಕ್ಯದ ಕೊನೆಯೇ ಮಾಯ! ಯಾಕೆ ಹೀಗೆ?

ಆಡಾಸಿಟಿಯಲ್ಲಿ ಇದರ `Threshold` ಮೊದಲೇ -20 dB ಅಂತ ಇರುತ್ತದೆ. ಅಂದರೆ ಅದಕ್ಕಿಂತ ಮೆತ್ತಗಿರುವುದೆಲ್ಲ ಅದರ ಲೆಕ್ಕದಲ್ಲಿ ಮೌನ. ಸಭಾಂಗಣದಲ್ಲಿ ದೂರದ ಮೈಕಿನಿಂದ ಬಂದ ರೆಕಾರ್ಡಿಂಗಿಗೆ ಇದು ತೀರಾ ಮೇಲಾಯಿತು. ನಮ್ಮವರು ವಾಕ್ಯದ ಕೊನೆಗೆ ಬರುವಾಗ ದನಿ ಇಳಿಸುತ್ತಾರೆ. ಕನ್ನಡದಲ್ಲಿ ಕ್ರಿಯಾಪದ ಇರುವುದೇ ಕೊನೆಯಲ್ಲಿ. ‘ಅವರು ಆಗಲೇ ಊರು ಬಿಟ್ಟಿದ್ದರು ಅಂತ ಕಾಣುತ್ತದೆ’ ಅನ್ನುವ ವಾಕ್ಯದಲ್ಲಿ ‘ಅಂತ ಕಾಣುತ್ತದೆ’ ಗೊಣಗಿದ ಹಾಗೆ ಬರುತ್ತದೆ. ಅದು ಹೋಯಿತು ಅಂದರೆ ಊಹೆಯ ಮಾತು ಖಡಾಖಂಡಿತ ಮಾತಾಗುತ್ತದೆ. ಉಪನ್ಯಾಸಕರು ಫೋನ್ ಮಾಡಿ ಬೈದರೂ ತಪ್ಪಿಲ್ಲ.

ಇನ್ನೊಂದು ಅಪಾಯ ಒತ್ತಕ್ಷರದ್ದು. ‘ಕತ್ತೆ’ ಅನ್ನಿ, ‘ತ್ತ’ದ ಹತ್ತಿರ ನಾಲಿಗೆ ಹಲ್ಲಿಗೆ ಅಂಟಿ ಗಾಳಿ ಪೂರ್ತಿ ನಿಲ್ಲುತ್ತದೆ. ತರಂಗದ ಚಿತ್ರದಲ್ಲಿ ಅದು ನಿಜವಾಗಿಯೂ ಮೌನವೇ, ಒಂದು ಸೆಕೆಂಡಿನ ಹತ್ತನೇ ಒಂದು ಪಾಲೋ ಅದಕ್ಕಿಂತ ಜಾಸ್ತಿಯೋ ಇರುತ್ತದೆ. ಎಷ್ಟು ಸೆಕೆಂಡಿಗಿಂತ ಉದ್ದದ ಮೌನಕ್ಕೆ ಕೈ ಹಾಕಬೇಕು ಅಂತ ಹೇಳುವುದು `Duration`. ಜಾಸ್ತಿ ಬಿಗಿಯಾಗಲಿ ಅಂತ ಅದನ್ನು 0.1ಕ್ಕೆ ಇಳಿಸಿದರೆ ಸಾಫ್ಟ್‌ವೇರ್ ಆ ಜಾಗಕ್ಕೂ ಕೈ ಹಾಕುತ್ತದೆ. ಕತ್ತೆ ಕತೆಯಾಗುತ್ತದೆ! ‘ಹತ್ತು’, ‘ಅಕ್ಕ’, ‘ಪಟ್ಟ’ ಎಲ್ಲದಕ್ಕೂ ಇದೇ ಗತಿ. ಕನ್ನಡದ ಮಾತಿಗೆ `Duration` 0.5ಕ್ಕಿಂತ ಕೆಳಗೆ ಬೇಡ.

ಹಾಗಾದರೆ ಯಾವ ಸಂಖ್ಯೆ ಹಾಕಲಿ?

ಮೊದಲು ಎರಡು ಜಾಗ ಅಳೆಯಿರಿ. ಯಾರೂ ಮಾತಾಡದ ಒಂದು ಬಿಡುವನ್ನು ಪ್ಲೇ ಮಾಡಿ ಮೀಟರ್ ನೋಡಿ, -52ರ ಹತ್ತಿರ ಇದೆ ಅಂತ ಇಟ್ಟುಕೊಳ್ಳಿ. ಆಮೇಲೆ ಉಪನ್ಯಾಸಕರು ತೀರಾ ಮೆತ್ತಗೆ ಹೇಳಿದ ಕೊನೆಯ ಪದವನ್ನು ಪ್ಲೇ ಮಾಡಿ, ಅದು -38. ಇವೆರಡರ ನಡುವೆ, ಸುಮಾರು -45 ಇಡಿ. ಎರಡೂ ತೀರಾ ಹತ್ತಿರ ಇದ್ದರೆ, ಅಂದರೆ ಫ್ಯಾನಿನ ಸದ್ದು ಮೆತ್ತನೆಯ ಮಾತಿನಷ್ಟೇ ಜೋರಾಗಿದ್ದರೆ, ಈ ಉಪಕರಣವನ್ನು ನಂಬಬೇಡಿ. ಕೈಯಾರೆ ಮಾಡಿ.

ಆಮೇಲೆ `Truncate Detected Silence` ಬಿಟ್ಟು `Compress Excess Silence` ಆರಿಸಿ. ಮೊದಲನೆಯದು ಎಲ್ಲ ಮೌನವನ್ನೂ ಒಂದೇ ಅಳತೆಗೆ ಕತ್ತರಿಸುತ್ತದೆ. ಎರಡನೆಯದು ನೀವು ಹೇಳಿದ ಹೊತ್ತಿಗಿಂತ ಹೆಚ್ಚಾಗಿರುವ ಭಾಗವನ್ನು ಮಾತ್ರ ಕುಗ್ಗಿಸುತ್ತದೆ. `Duration` 0.6, `Compress to` ಶೇಕಡಾ 30 ಅಂತ ಇಟ್ಟರೆ, ಒಂದು ಸೆಕೆಂಡಿನ ಮೌನ 0.72 ಆಗುತ್ತದೆ, ನಾಲ್ಕು ಸೆಕೆಂಡಿನದು 1.62 ಆಗುತ್ತದೆ. ದೊಡ್ಡದು ದೊಡ್ಡದಾಗಿಯೇ ಉಳಿಯಿತು ನೋಡಿ.

ಇಡೀ ಫೈಲಿಗೆ ಒಂದೇ ಸಲ ಒತ್ತಬೇಡಿ. ಲೇಬಲ್ ಹಾಕಿದ ಜಾಗಗಳನ್ನು ಬಿಟ್ಟು, ಐದೈದು ನಿಮಿಷದ ತುಂಡು ಸೆಲೆಕ್ಟ್ ಮಾಡಿ, ಕೊನೆಯಿಂದ ಮೊದಲಿಗೆ ಬನ್ನಿ. ಹಾಗೆ ಮಾಡಿದರೆ ಮುಂದಿನ ಭಾಗ ಜರುಗಿದರೂ, ನೀವು ಬರೆದುಕೊಂಡ ಹಿಂದಿನ ನಿಮಿಷಗಳ ಲೆಕ್ಕ ತಪ್ಪುವುದಿಲ್ಲ.

ಕೆಲಸ ಶುರು ಮಾಡುವ ಮೊದಲೇ ಎಷ್ಟು ಖಾಲಿ ಮೌನ ಇದೆ ಅಂತ ತಿಳಿಯಬಹುದಾ?

ಕಮ್ಯಾಂಡ್ ಟೈಪ್ ಮಾಡುವ ಅಭ್ಯಾಸ ಇದ್ದರೆ `ffmpeg` ಪಟ್ಟಿ ಕೊಡುತ್ತದೆ. ಫೈಲಿಗೆ ಏನೂ ಆಗುವುದಿಲ್ಲ, ಅದು ಬರೀ ಎಣಿಸುತ್ತದೆ.

```
ffmpeg -i upanyasa.wav -af silencedetect=noise=-45dB:d=1.5 -f null -
```

ಒಂದೂವರೆ ಸೆಕೆಂಡಿಗಿಂತ ಉದ್ದದ ಪ್ರತಿ ಮೌನವೂ ಎಲ್ಲಿ ಶುರು, ಎಲ್ಲಿ ಮುಗಿಯಿತು, ಎಷ್ಟು ಹೊತ್ತು ಅಂತ ಸಾಲು ಸಾಲಾಗಿ ಬರುತ್ತದೆ. ಒಂದು ಗಂಟೆಯ ಉಪನ್ಯಾಸಕ್ಕೆ ಹತ್ತು ಹದಿನೈದು ಸಾಲು ಬಂದರೆ ಕೈಯಾರೆ ಮಾಡಿ ಮುಗಿಸಿ. ಇನ್ನೂರು ಬಂದರೆ ಮಾತ್ರ ಸಾಫ್ಟ್‌ವೇರಿನ ಸಹಾಯ ಬೇಕಾಗುತ್ತದೆ.

## ಕೈಯಾರೆ ಕತ್ತರಿಸುವಾಗ

‘ಆ…’, ‘ಅಂದ್ರೆ’, ‘ಏನಪ್ಪಾ ಅಂದ್ರೆ’ ಎಲ್ಲಾ ತೆಗೆಯಲೇಬೇಕಾ?

ಬೇಡ. ‘ಅಂದ್ರೆ’ ಎರಡು ಥರ. ‘ವಲಸಿಗರು, ಅಂದ್ರೆ ಹೊಟ್ಟೆಪಾಡಿಗೆ ಬಂದವರು’ ಅನ್ನುವಾಗ ಅದು ಕೆಲಸ ಮಾಡುವ ಪದ. ತೆಗೆದರೆ ವಾಕ್ಯ ಮುರಿಯುತ್ತದೆ. ‘ಅಂದ್ರೆ… ಅಂದ್ರೆ… ಮತ್ತೆ…’ ಅಂತ ಪದ ಹುಡುಕುವಾಗ ಅದು ಬರೀ ಸದ್ದು. ಮುಂಬಯಿಯಲ್ಲಿ ಇದೇ ಜಾಗಕ್ಕೆ ‘ಮ್ಹಣಜೆ’, ‘ಮತ್ಲಬ್’ ಬರುತ್ತವೆ. ತುಳು ಮನೆಮಾತಿನವರಿಗೆ ‘ದಾನೆ ಪಂಡ’ ಬರುತ್ತದೆ. ನನಗಂತೂ ಅವು ಅಲ್ಲೊಂದು ಇಲ್ಲೊಂದು ಇದ್ದರೆ ಚೆಂದವೇ. ಮೂರರಲ್ಲಿ ಎರಡನ್ನು ತೆಗೆದು ಒಂದನ್ನು ಬಿಡುತ್ತೇನೆ.

‘ಆ…’ ವಿಷಯದಲ್ಲಿ ಹುಷಾರಾಗಿರಿ. ‘ಆ ಕಾಲದಲ್ಲಿ’ ಅನ್ನುವುದರ ‘ಆ’ ಕೂಡ ಹೀಗೇ ಕಾಣುತ್ತದೆ. ಉಪನ್ಯಾಸಕರು ‘ಆ…’ ಅಂತ ಎಳೆದು, ನಿಂತು, ‘ಕಾಲದಲ್ಲಿ’ ಅಂದರೆ, ಅದು ತಡಕಾಟವೂ ಹೌದು, ಪದವೂ ಹೌದು. ಅಂಥ ಕಡೆ ‘ಆ’ವನ್ನು ಬಿಟ್ಟು ನಂತರದ ಮೌನವನ್ನು ಮಾತ್ರ ಕುಗ್ಗಿಸಿ. ಪರದೆ ನೋಡಿ ಕತ್ತರಿಸುವವರು ಇಲ್ಲೇ ಎಡವುವುದು. ಮುಂದಿನ ಪದ ಕೇಳಿಸಿಕೊಂಡೇ ತೀರ್ಮಾನ ಮಾಡಿ.

ಹಿಂದಿನ ಪದಕ್ಕೆ ಅಂಟಿಕೊಂಡ ‘ಆ’ ಇನ್ನೊಂದು ತಲೆನೋವು. ‘ಬಂದಾ…ಆ…ಗ’ ಅಂತ ಒಂದೇ ಉಸಿರಿನಲ್ಲಿ ಹೋಗಿದ್ದರೆ ನಡುವೆ ಬ್ಲೇಡ್ ಹಾಕುವ ಜಾಗವೇ ಇಲ್ಲ. ಬಿಟ್ಟುಬಿಡಿ.

ಒಂದು ಉದಾಹರಣೆ ತೋರಿಸಿ. ನೀವು ನಿಜವಾಗಿ ಏನು ಮಾಡುತ್ತೀರಿ?

ಹೋದ ಮಳೆಗಾಲದ ಒಂದು ಉಪನ್ಯಾಸ, 72 ನಿಮಿಷದ್ದು. ನಿವೃತ್ತ ಮೇಷ್ಟ್ರೊಬ್ಬರು ಮುಂಬಯಿಗೆ ಬಂದ ಕನ್ನಡಿಗರ ಬಗ್ಗೆ ಹೇಳುತ್ತಿದ್ದರು. ಒಂದು ಕಡೆ ಮಾತು ಹೀಗಿತ್ತು: ‘ಆಗ ಇಲ್ಲಿಗೆ ಬಂದವರು, ಅಂದ್ರೆ… ಆ… ಹೋಟೆಲ್ ಕೆಲಸಕ್ಕೆ ಬಂದವರು…’ ನಡುವೆ ಹಾಳೆ ತಿರುವುತ್ತಿದ್ದಾರೆ.

ಅಳೆದು ನೋಡಿದೆ. ‘ಬಂದವರು’ ಆದ ಮೇಲೆ 0.4 ಸೆಕೆಂಡ್ ಬಿಡುವು. ‘ಅಂದ್ರೆ’ 0.5. ಮತ್ತೆ 1.1 ಮೌನ. ‘ಆ…’ 0.7. ಹಾಳೆಯ ಸದ್ದಿನ ಜೊತೆ 2.6 ಮೌನ. ಕೊನೆಗೆ 0.4 ಸೆಕೆಂಡಿನ ಉಸಿರು, ಆಮೇಲೆ ‘ಹೋಟೆಲ್’. ಒಟ್ಟು 5.7 ಸೆಕೆಂಡ್.

ಮೊದಲು ನಡುವಿನದೆಲ್ಲ ತೆಗೆದು 0.2 ಸೆಕೆಂಡ್ ಮಾತ್ರ ಬಿಟ್ಟೆ. ಕೇಳಿದರೆ ಇಬ್ಬರು ಮಾತಾಡಿದ ಹಾಗಿತ್ತು. ‘ಬಂದವರು’ ಅನ್ನುವಾಗ ಮೇಷ್ಟ್ರ ದನಿ ಮೇಲಕ್ಕೆ ಹೋಗಿ, ಇನ್ನೂ ಏನೋ ಇದೆ ಅನ್ನುವ ಹಾಗೆ ನಿಂತಿತ್ತು. ‘ಹೋಟೆಲ್’ ಹೊಸ ಉಸಿರಿನಲ್ಲಿ, ಕೆಳಗಿನ ದನಿಯಲ್ಲಿ ಶುರುವಾಗುತ್ತದೆ. ಅವೆರಡರ ನಡುವೆ ಸೇತುವೆಯಾಗಿದ್ದದ್ದು ಆ ‘ಅಂದ್ರೆ’. ಅದನ್ನೇ ನಾನು ಕಿತ್ತಿದ್ದೆ.

`Ctrl+Z` ಒತ್ತಿ ಮತ್ತೆ ಶುರು ಮಾಡಿದೆ. ‘ಬಂದವರು’, 0.4ರ ಬಿಡುವು, ‘ಅಂದ್ರೆ’, ಎಲ್ಲ ಹಾಗೇ ಇರಲಿ. ಅದರ ನಂತರದ ಮೌನದಲ್ಲಿ 0.3 ಸೆಕೆಂಡ್ ಉಳಿಸಿ, ಅಲ್ಲಿಂದ ಉಸಿರು ಶುರುವಾಗುವ ತನಕ ಸೆಲೆಕ್ಟ್ ಮಾಡಿದೆ. ಅಳಿಸುವ ಮುಂಚೆ `C` ಒತ್ತಿದರೆ, ಸೆಲೆಕ್ಟ್ ಮಾಡಿದ ಭಾಗವನ್ನು ಹಾರಿಸಿ ಹಿಂದೆ ಮುಂದೆ ಕೇಳಿಸುತ್ತದೆ. ಸರಿ ಅನ್ನಿಸಿತು, ಅಳಿಸಿದೆ. ಉಳಿದದ್ದು 0.4 + 0.5 + 0.3 + 0.4, ಅಂದರೆ 1.6 ಸೆಕೆಂಡ್. ಹೋದದ್ದು 4.1. ಹಾಳೆಯ ಸದ್ದೂ ಜೊತೆಗೇ ಹೋಯಿತು. ಮೇಷ್ಟ್ರು ಒಂದು ಕ್ಷಣ ಯೋಚಿಸಿ ಹೇಳಿದ ಹಾಗೆ ಕೇಳಿಸುತ್ತದೆ, ಅಷ್ಟೇ. ಹೀಗೆ ಮಾಡಿದ ಮೇಲೆ ಇಡೀ ಉಪನ್ಯಾಸ 63 ನಿಮಿಷಕ್ಕೆ ಬಂತು, ನನಗೆ ಹಿಡಿದದ್ದು ನಾಲ್ಕು ಗಂಟೆ.

ಉಸಿರಿನ ಸದ್ದು ತೆಗೆಯಬೇಕೋ ಬಿಡಬೇಕೋ?

ಬಿಡಿ. ಉಸಿರು ಇದ್ದರೇನೇ ಮನುಷ್ಯ ಮಾತಾಡಿದ ಹಾಗಿರುತ್ತದೆ. ಎರಡು ತಪ್ಪು ಮಾತ್ರ ಆಗಬಾರದು. ಒಂದು, ಉಸಿರನ್ನು ಅರ್ಧಕ್ಕೆ ಕತ್ತರಿಸುವುದು, ಬಿಕ್ಕಳಿಸಿದ ಹಾಗೆ ಕೇಳುತ್ತದೆ. ಎರಡು, ನಡುವಿನ ಮಾತು ತೆಗೆದು ಎರಡು ಉಸಿರನ್ನು ಒಟ್ಟಿಗೆ ತರುವುದು. ಯಾರೂ ಎರಡು ಸಲ ಉಸಿರೆಳೆದುಕೊಂಡು ಮಾತು ಶುರು ಮಾಡುವುದಿಲ್ಲ. ಮುಂದಿನ ಪದಕ್ಕೆ ಅಂಟಿಕೊಂಡ ಉಸಿರನ್ನು ಇಟ್ಟುಕೊಂಡು ಹಿಂದಿನದನ್ನು ತೆಗೆಯಿರಿ.

‘ನಾನು… ನಾನು ಹೇಳಿದ್ದು’ ಅಂತಾರೆ. ಯಾವ ‘ನಾನು’ ತೆಗೆಯಲಿ?

ಮೊದಲನೆಯದು. ಎರಡನೆಯದು ಮುಂದಿನ ಪದದ ಜೊತೆ ಒಂದೇ ಓಟದಲ್ಲಿ ಬಂದಿರುತ್ತದೆ. ಮೊದಲ ‘ನಾ’ ಶುರುವಾಗುವ ಜಾಗದಿಂದ ಎರಡನೇ ‘ನಾ’ ಶುರುವಾಗುವ ಜಾಗದ ತನಕ ಸೆಲೆಕ್ಟ್ ಮಾಡಿ ಅಳಿಸಿ. ಒಂದೇ ಅಕ್ಷರದ ಬದಲಿಗೆ ಅದೇ ಅಕ್ಷರ ಬಂದು ಕೂರುವುದರಿಂದ ಹೊಲಿಗೆ ಕಾಣುವುದಿಲ್ಲ. ಕ, ಚ, ಟ, ತ, ಪ ಇಂದ ಶುರುವಾಗುವ ಪದವಾದರೆ ಇನ್ನೂ ಸುಲಭ, ಅವುಗಳ ಮುಂಚೆ ಒಂದು ಚೂರು ಮೌನ ಇದ್ದೇ ಇರುತ್ತದೆ. ಸ್ವರದ ನಡುವೆ ಮಾತ್ರ ಕತ್ತರಿಸಬೇಡಿ.

ಕತ್ತರಿಸಿದ ಕಡೆ ‘ಟಕ್’ ಅನ್ನುತ್ತೆ.

ತರಂಗ ಮೇಲೆ ಇರುವಾಗ ಕತ್ತರಿಸಿ, ಕೆಳಗೆ ಇರುವ ತುಂಡಿಗೆ ಸೇರಿಸಿದ್ದೀರಿ. ಅಳಿಸುವ ಮುಂಚೆ `Z` ಒತ್ತಿ. ಸೆಲೆಕ್ಷನ್ನಿನ ಎರಡೂ ತುದಿ ತರಂಗ ಸೊನ್ನೆ ದಾಟುವ ಜಾಗಕ್ಕೆ ಜರುಗುತ್ತದೆ.

## ಕೈ ಪಳಗಿದವರಿಗೆ

ಮಾತು ಸರಿಯಾಗೇ ಇದೆ. ಆದರೂ ಕತ್ತರಿಸಿದ ಜಾಗ ಗೊತ್ತಾಗಿಬಿಡುತ್ತೆ. ಯಾಕೆ?

ಬಹಳ ಸಲ ತುಂಡಾಗಿರುವುದು ಮಾತಲ್ಲ, ಅದರ ಹಿಂದಿನ ಸದ್ದು. ನಮ್ಮ ಸಂಘದ ಹಾಲ್ ಇರುವುದು ಹಳಿಯ ಪಕ್ಕ. ಲೋಕಲ್ ಹೋಗುವಾಗ ಗಡಗಡ ನಿಧಾನವಾಗಿ ಏರಿ, ಇಳಿಯುತ್ತದೆ. ಅದು ಏರುತ್ತಿರುವಾಗ ಮೂರು ಸೆಕೆಂಡಿನ ಮೌನ ತೆಗೆದರೆ, ರೈಲು ಒಮ್ಮೆಗೇ ಹತ್ತಿರಕ್ಕೆ ಹಾರಿ ಬಂದ ಹಾಗೆ ಕೇಳುತ್ತದೆ. ಕೇಳುವವರಿಗೆ ಕಾರಣ ಗೊತ್ತಾಗುವುದಿಲ್ಲ, ‘ಎಲ್ಲೋ ಕಟ್ ಆಯ್ತು’ ಅನ್ನಿಸುತ್ತದೆ.

ರೈಲಿನ ಸದ್ದು ಏರುವಾಗ, ಇಳಿಯುವಾಗ ನಾನು ಕತ್ತರಿಸುವುದಿಲ್ಲ. ಸದ್ದು ಒಂದೇ ಮಟ್ಟದಲ್ಲಿ ಇರುವ ಕಡೆ ಮಾತ್ರ ಕೈ ಹಾಕುತ್ತೇನೆ. ಹಾರ್ನ್ ಇದ್ದರಂತೂ ಆ ಮೌನಕ್ಕೆ ನಮಸ್ಕಾರ, ಇದ್ದಷ್ಟು ಇರಲಿ. ಕತ್ತರಿಸಲೇಬೇಕಾದರೆ ಮುಂದಿನ ಭಾಗವನ್ನು ಇನ್ನೊಂದು ಟ್ರ್ಯಾಕಿಗೆ ಹಾಕಿ, ಮೌನದ ಜಾಗದಲ್ಲಿ ಅರ್ಧ ಸೆಕೆಂಡ್ ಒಂದರ ಮೇಲೊಂದು ಬರುವ ಹಾಗೆ ಇಟ್ಟು, `Crossfade Tracks` ಕೊಡುತ್ತೇನೆ. ಒಂದು ಕರಗುತ್ತಾ ಇನ್ನೊಂದು ಮೂಡುತ್ತದೆ. ಆ ಅರ್ಧ ಸೆಕೆಂಡಿನೊಳಗೆ ಮಾತು ಬರದ ಹಾಗೆ ನೋಡಿಕೊಳ್ಳಿ, ಬಂದರೆ ಎರಡು ದನಿ ಕೇಳಿಸುತ್ತದೆ.

ಕೆಮ್ಮು ತೆಗೆದ ಜಾಗಕ್ಕೆ `Silence Audio` ಕೊಟ್ಟೆ. ಈಗ ಅಲ್ಲಿ ಹೊಂಡ ಬಿದ್ದ ಹಾಗಿದೆ.

ಹೊಂಡವೇ ಬಿದ್ದಿದೆ. ಅದು ಹಾಕುವುದು ಅಪ್ಪಟ ಸೊನ್ನೆ. ಹಾಲಿನಲ್ಲಿ ಯಾರೂ ಮಾತಾಡದಿದ್ದರೂ ಫ್ಯಾನ್, ಎಸಿ, ಹೊರಗಿನ ರಸ್ತೆ ಸೇರಿ ಒಂದು ಹಿನ್ನೆಲೆಯ ಸದ್ದು ಇರುತ್ತದೆ. ಅದು ಒಮ್ಮೆಗೇ ನಿಂತರೆ ಕಿವಿ ಎಚ್ಚರಗೊಳ್ಳುತ್ತದೆ.

ಕೆಮ್ಮಿನ ಜಾಗಕ್ಕೆ ಅದೇ ಹಾಲಿನ ಖಾಲಿ ಸದ್ದನ್ನು ಅಂಟಿಸಿ. ಉಪನ್ಯಾಸಕರು ಶುರು ಮಾಡುವ ಮುಂಚೆ ಅರ್ಧ ನಿಮಿಷ ಎಲ್ಲರನ್ನೂ ಸುಮ್ಮನಿರಲು ಹೇಳಿ ರೆಕಾರ್ಡ್ ಮಾಡಿಕೊಂಡರೆ ಒಳ್ಳೆಯದು. ನಮ್ಮ ಸಭೆಗಳಲ್ಲಿ ಅದು ಆಗದ ಮಾತು, ಗೊತ್ತು. ಅದಕ್ಕೇ ಕೆಮ್ಮು ಬಂದ ಜಾಗದ ಒಂದೆರಡು ನಿಮಿಷ ಹಿಂದೆ ಮುಂದೆ ಒಂದು ಚೊಕ್ಕ ಬಿಡುವು ಹುಡುಕಿ, ಅದನ್ನೇ ಕಾಪಿ ಮಾಡಿ. ತೀರಾ ದೂರದಿಂದ ತರಬೇಡಿ. ನಡುವೆ ಯಾರೋ ಫ್ಯಾನ್ ಜೋರು ಮಾಡಿರುತ್ತಾರೆ.

ಹಾಲ್ ಮೊಳಗುತ್ತೆ. ಪದದ ಬಾಲ ಕತ್ತರಿಸಿದ ಹಾಗಾಗುತ್ತಲ್ಲ?

ಮೊಳಗುವ ಹಾಲಿನಲ್ಲಿ ಪದ ಮುಗಿದ ಮೇಲೂ ಅದರ ಪ್ರತಿಧ್ವನಿ ಉಳಿದಿರುತ್ತದೆ. ಪದ ಮುಗಿದ ಕೂಡಲೇ ಬ್ಲೇಡ್ ಹಾಕಬೇಡಿ, ಬಾಲ ಪೂರ್ತಿ ಕರಗುವ ತನಕ ಬಿಡಿ. ಬಿಡುವಿನ ಕೊನೆಯಿಂದ, ಮುಂದಿನ ಉಸಿರಿನ ಹತ್ತಿರದಿಂದ ಕತ್ತರಿಸಿ. ಇನ್ನೊಂದು ಮೋಸ ಇದೆ. ‘ಆ…’ ತೆಗೆದರೂ ಅದರ ಪ್ರತಿಧ್ವನಿ ಮುಂದಿನ ಮೌನದಲ್ಲಿ ಉಳಿದುಬಿಡುತ್ತದೆ, ಹೇಳದ ಮಾತಿನ ನೆರಳು ಕೇಳಿದ ಹಾಗೆ. ‘ಆ’ ಜೊತೆ ಅದರ ಬಾಲವನ್ನೂ ಸೇರಿಸಿ ತೆಗೆಯಿರಿ.

ಸದ್ದು ಕಡಿಮೆ ಮಾಡುವುದು ಮೊದಲೋ, ಕತ್ತರಿಸುವುದು ಮೊದಲೋ?

`Noise Reduction` ಮೊದಲು, ಇಡೀ ಫೈಲಿಗೆ, ಮೆತ್ತಗೆ. 6 dB ಸಾಕು. ಜಾಸ್ತಿ ಕೊಟ್ಟರೆ ಮೌನ ತೀರಾ ಸ್ವಚ್ಛವಾಗಿ, ಮಾತಿನ ಹಿಂದೆ ಮಾತ್ರ ಸದ್ದು ಉಳಿಯುತ್ತದೆ. ಆಗ ಪ್ರತಿ ಬಿಡುವೂ ಕತ್ತರಿಸಿದ ಹಾಗೆ ಕೇಳುತ್ತದೆ, ನೀವು ಮುಟ್ಟದೇ ಇದ್ದರೂ.

ವಿಡಿಯೋ ಇದ್ದರೆ?

ಆಡಿಯೋವನ್ನು ಬೇರೆಯಾಗಿ ಕತ್ತರಿಸಿ ತಂದು ಸೇರಿಸಬೇಡಿ. ಮೊದಲ ಕಟ್‌ನಿಂದಲೇ ತುಟಿ ಒಂದು ಕಡೆ, ಮಾತು ಒಂದು ಕಡೆ. ವಿಡಿಯೋ ಎಡಿಟರಿನಲ್ಲೇ ಎರಡನ್ನೂ ಒಟ್ಟಿಗೆ ಕತ್ತರಿಸಿ. ತಲೆ ಹಾರಿದ ಹಾಗೆ ಕಂಡರೆ ಆ ಹೊತ್ತಿಗೆ ಸ್ಲೈಡ್ ತೋರಿಸಿ ಮುಚ್ಚಿ. ಸ್ಲೈಡ್ ಇಲ್ಲದಿದ್ದರೆ ಎರಡು ಸೆಕೆಂಡಿಗಿಂತ ಸಣ್ಣ ಮೌನಗಳನ್ನು ನಾನು ಬಿಟ್ಟೇಬಿಡುತ್ತೇನೆ. ವಿಡಿಯೋದಲ್ಲಿ ಮುಖ ಕಾಣುತ್ತಿದ್ದರೆ ಮೌನ ಅಷ್ಟು ಬೇಸರ ತರುವುದಿಲ್ಲ.

ಸರಿಯಾಗಿದೆ ಅಂತ ಕೊನೆಗೆ ಹೇಗೆ ಗೊತ್ತಾಗುತ್ತೆ?

ಪರದೆ ಮುಚ್ಚಿ ಕೇಳಿ. ಕತ್ತರಿಸಿದ ಜಾಗ ಕಣ್ಣಿಗೆ ಕಾಣುತ್ತಿದ್ದರೆ ಕಿವಿ ಅಲ್ಲೇ ತಪ್ಪು ಹುಡುಕುತ್ತದೆ. ನಾನು ಎರಡು ಸಲ ಕೇಳುತ್ತೇನೆ. ರಾತ್ರಿ ಮನೆಯಲ್ಲಿ ಹೆಡ್‌ಫೋನ್ ಹಾಕಿ ಒಂದು ಸಲ, ‘ಟಕ್’, ಹೊಂಡ, ಅರ್ಧ ಉಸಿರು ಸಿಕ್ಕಿಬೀಳುವುದು ಆಗ. ಮಾರನೇ ದಿನ ಆಫೀಸಿಗೆ ಹೋಗುವಾಗ ಲೋಕಲ್‌ನಲ್ಲಿ ಇನ್ನೊಂದು ಸಲ. ಅಲ್ಲಿ ಸಣ್ಣ ದೋಷ ಒಂದೂ ಕೇಳಿಸುವುದಿಲ್ಲ, ಆದರೆ ಲಯ ಗೊತ್ತಾಗುತ್ತದೆ. ಠಾಣೆ ಬರುವುದರೊಳಗೆ ಎರಡು ಮೂರು ಸಲ ಹಿಂದಕ್ಕೆ ಹೋಗಿ ‘ಏನಂದ್ರು?’ ಅಂತ ಕೇಳಬೇಕಾಗಿ ಬಂದರೆ, ಬಿಡುವು ಜಾಸ್ತಿ ಕತ್ತರಿಸಿದ್ದೇನೆ ಅಂತ ಅರ್ಥ. ಸಂಜೆ ಬಂದು ಆ ಜಾಗಗಳಿಗೆ 0.2 ಸೆಕೆಂಡ್ ಹಾಲಿನ ಸದ್ದು ವಾಪಸ್ ಹಾಕುತ್ತೇನೆ. ಮೂಲ ಫೈಲನ್ನು ಮಾತ್ರ ಯಾವತ್ತೂ ಅಳಿಸುವುದಿಲ್ಲ.